ಒಂದೇ ಚಿತ್ರದಲ್ಲಿ ನಾಲ್ವರಿಗೆ ನಾಲ್ಕು ಬಗೆಯ ಉಡುಪು: ಪ್ರದೇಶವಾರು ಪ್ರಾಂಪ್ಟ್ ಸಾಕೇ, ಬೇರೆ ಬೇರೆ ಮಾಸ್ಕ್ ಬೇಕೇ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದವರಿಗೆ ಹಬ್ಬದ ಪೋಸ್ಟರ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಒಂದು ಮನೆಯ ನಾಲ್ವರು ಒಟ್ಟಿಗೆ ಕಾಣಬೇಕು. ಎಡಗಡೆ ಬಿಳಿ ಅಂಗಿ, ಧೋತರ, ರುಮಾಲಿನಲ್ಲಿ ನಿಂತ ಅಜ್ಜ. ನಡುವೆ ಕುರ್ಚಿಯ ಮೇಲೆ ಇಳಕಲ್ ಸೀರೆ ಉಟ್ಟು ಕುಳಿತ ಅಜ್ಜಿ. ಅವರ ಹಿಂದೆ ಹೆಗಲ ಮೇಲೆ ಕೈಯಿಟ್ಟು ನಿಂತ, ಜೀನ್ಸ್ ತೊಟ್ಟ ಮೊಮ್ಮಗ. ಬಲಗಡೆ ಸಂಡೂರಿನ ಲಂಬಾಣಿ ಕಸೂತಿಯ ಕುರ್ತಾ ಹಾಕಿದ ಮೊಮ್ಮಗಳು. ಇದನ್ನು ಒಂದೇ ಪ್ರಾಂಪ್ಟಿನಲ್ಲಿ ಬರೆದು, ಪಠ್ಯ ಓದಿ ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್ ಎಂಬ ಎಐ ಮಾದರಿಗೆ ಕೊಟ್ಟರೆ ಬರುವ ಚಿತ್ರದಲ್ಲಿ ನಾಲ್ವರೂ ಇರುತ್ತಾರೆ, ನಾಲ್ಕು ಉಡುಪುಗಳೂ ಬಹುತೇಕ ಇರುತ್ತವೆ, ಆದರೆ ಯಾರದ್ದು ಯಾರ ಮೈಮೇಲೆ ಎಂಬುದು ಕಲಸಿಹೋಗಿರುತ್ತದೆ. ಸೆರಗಿನ ಕೆಂಪು ಅಜ್ಜನ ರುಮಾಲಿಗೆ ಏರುತ್ತದೆ, ಕಸೂತಿಯ ಕನ್ನಡಿ ಬಿಲ್ಲೆಗಳು ಅಜ್ಜಿಯ ಕುಪ್ಪಸದಲ್ಲಿ ಮಿನುಗುತ್ತವೆ, ಡೆನಿಮ್ಮಿನ ನೀಲಿ ಧೋತರಕ್ಕೆ ಇಳಿಯುತ್ತದೆ.

ಇದನ್ನು ಸರಿಪಡಿಸಲು ಇಂದು ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು. ಚಿತ್ರವನ್ನು ಕಂಬಗಳಾಗಿ ಹಂಚಿ ಒಂದೊಂದು ಕಂಬಕ್ಕೆ ಒಂದೊಂದು ಪ್ರಾಂಪ್ಟ್ ಕೊಡುವುದು ಮೊದಲನೆಯದು. ಕಂಬದ ಬದಲು, ಚಿತ್ರದ ಯಾವ ಭಾಗ ಎಂದು ಗುರುತಿಸುವಂತೆ ಕೈಯಿಂದ ಬಿಡಿಸಿದ ಮಾಸ್ಕ್‌ಗಳಿಗೆ ಪ್ರಾಂಪ್ಟ್ ಕಟ್ಟಿ, ಆಗಲೂ ಒಂದೇ ಸಲಕ್ಕೆ ಚಿತ್ರ ಹುಟ್ಟಿಸುವುದು ಎರಡನೆಯದು. ಮೊದಲು ಚಿತ್ರ ಮಾಡಿಕೊಂಡು, ಆಮೇಲೆ ಒಬ್ಬೊಬ್ಬರ ಉಡುಪನ್ನು ಪ್ರತ್ಯೇಕ ಮಾಸ್ಕ್ ಹಾಕಿ ಇನ್‌ಪೇಂಟ್ ಮಾಡುವುದು, ಅಂದರೆ ಮಾಸ್ಕಿನೊಳಗಿನ ಭಾಗವನ್ನಷ್ಟೇ ಮರುಬರೆಯುವುದು, ಮೂರನೆಯದು. ಜನರ ಸಂಖ್ಯೆ ನೋಡಿ ಇವುಗಳಲ್ಲಿ ಒಂದನ್ನು ಆರಿಸುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಸಂಖ್ಯೆ ಇಲ್ಲಿ ಅಷ್ಟು ಮುಖ್ಯವಲ್ಲ. ಯಾರ ಮೈ ಯಾರಿಗೆ ತಾಕುತ್ತದೆ, ಯಾರು ಯಾರನ್ನು ಮರೆಮಾಡುತ್ತಾರೆ ಎಂಬುದನ್ನು ನೋಡಿ ಆರಿಸಬೇಕು. ಬಿಡಿಬಿಡಿಯಾಗಿ ನಿಂತ ಆರು ಜನ ಸುಲಭ, ಹೆಗಲ ಮೇಲೆ ಕೈಯಿಟ್ಟ ಇಬ್ಬರು ಕಷ್ಟ.

ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಸಂಗತಿಯೊಂದಿದೆ. ಚಿತ್ರ ಇನ್ನು ಹುಟ್ಟಬೇಕೋ, ಅಥವಾ ಆಗಲೇ ತೆಗೆದ ಫೋಟೋ ಕೈಯಲ್ಲಿದೆಯೋ? ಫೋಟೋ ಇದ್ದರೆ, ಅದರಲ್ಲಿರುವವರ ಮುಖ, ಕೈ, ನಿಲುವು ಯಾವುದೂ ಬದಲಾಗಬಾರದು ಎಂದಾದರೆ ಮೊದಲೆರಡು ದಾರಿಗಳನ್ನು ಬಿಟ್ಟುಬಿಡಬಹುದು; ಅವು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಅಲ್ಲಿ ಪ್ರತ್ಯೇಕ ಮಾಸ್ಕ್ ಒಂದೇ ದಾರಿ, ಮತ್ತು ಫೋಟೋದಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆ ಪಡೆದ ಮೇಲೆಯೇ ಆ ಕೆಲಸಕ್ಕೆ ಕೈಹಾಕಬೇಕು. ನಮ್ಮ ಪೋಸ್ಟರಿನ ಮಂದಿ ಕಾಲ್ಪನಿಕರಾದ್ದರಿಂದ ಮೂರೂ ದಾರಿಗಳು ತೆರೆದಿವೆ.

ಬಣ್ಣ ಸೋರುವುದು ಎಲ್ಲಿಂದ

ಸೋರಿಕೆಗೆ ಎರಡು ಮೂಲಗಳಿವೆ. ಅವನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳದಿದ್ದರೆ ಯಾವ ದಾರಿ ಯಾವುದನ್ನು ತಡೆಯುತ್ತದೆ ಎಂಬುದು ಸ್ಪಷ್ಟವಾಗುವುದಿಲ್ಲ. ಮೊದಲ ಮೂಲ ಪಠ್ಯದಲ್ಲಿದೆ. ಪ್ರಾಂಪ್ಟನ್ನು ಓದುವ ಕ್ಲಿಪ್ ಎಂಬ ಭಾಗವು ಒಂದು ಸಲಕ್ಕೆ 77 ಟೋಕನ್‌ಗಳ, ಅಂದರೆ ಪದ ಅಥವಾ ಪದದ ಚೂರುಗಳ, ತುಂಡನ್ನು ಒಟ್ಟಾಗಿ ಓದುತ್ತದೆ, ಮತ್ತು ಹಿಂದೆ ಬಂದ ಪದಗಳ ಅರ್ಥ ಮುಂದಿನ ಪದಗಳೊಳಗೆ ಬೆರೆಯುತ್ತಾ ಹೋಗುತ್ತದೆ. ಬಿಳಿ ರುಮಾಲಿನ ಮಾತು ಮುಗಿದು ಹಸಿರು ಸೀರೆಯ ಮಾತು ಬರುವಷ್ಟರಲ್ಲಿ ಒಂದರ ಛಾಯೆ ಇನ್ನೊಂದಕ್ಕೆ ತಗುಲಿರುತ್ತದೆ. ಜೊತೆಗೆ ಚಿತ್ರದ ಪ್ರತಿಯೊಂದು ಭಾಗವೂ ಇಡೀ ಪಠ್ಯದತ್ತ ನೋಡಬಲ್ಲದು. ಅಜ್ಜನ ತಲೆಯ ಜಾಗವು ಸೆರಗಿನ ಪದವನ್ನು ನೋಡದಂತೆ ತಡೆಯುವುದು ಏನೂ ಇರುವುದಿಲ್ಲ.

ಎರಡನೆಯ ಮೂಲ ಚಿತ್ರದೊಳಗೇ ಇದೆ. ಮಾದರಿಯ ಒಳಪದರಗಳಲ್ಲಿ ಚಿತ್ರದ ಒಂದು ಭಾಗ ಇನ್ನೊಂದು ಭಾಗವನ್ನು ನೋಡಿಕೊಂಡು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಇದನ್ನು ಸೆಲ್ಫ್ ಅಟೆನ್ಷನ್ ಎನ್ನುತ್ತಾರೆ. ನಾಲ್ವರ ಮೇಲೂ ಒಂದೇ ಬಗೆಯ ಬೆಳಕು ಬೀಳುವುದು ಇದರಿಂದಲೇ. ಅಕ್ಕಪಕ್ಕದವರು ಒಂದೇ ಬಗೆಯ ಬಟ್ಟೆ ತೊಟ್ಟಂತೆ ಆಗುವುದೂ ಇದರಿಂದಲೇ. ಪ್ರದೇಶವಾರು ಪ್ರಾಂಪ್ಟ್ ಮೊದಲ ಸೋರಿಕೆಯನ್ನು ಚೆನ್ನಾಗಿ ಕಟ್ಟುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ.

ಕಂಬಗಳಾಗಿ ಹಂಚುವ ದಾರಿ

ಸ್ಟೇಬಲ್ ಡಿಫ್ಯೂಷನ್ ನಡೆಸುವ AUTOMATIC1111 ವೆಬ್‌ಯುಐ ಎಂಬ ತಂತ್ರಾಂಶದಲ್ಲಿ ಇದಕ್ಕೆ `Regional Prompter` ಎಂಬ ಎಕ್ಸ್‌ಟೆನ್ಷನ್ ಇದೆ. ಪ್ರಾಂಪ್ಟಿನ ನಡುವೆ `BREAK` ಎಂದು ಬರೆದಲ್ಲೆಲ್ಲ ಒಂದು ಪ್ರದೇಶದ ಪಠ್ಯ ಮುಗಿದು ಇನ್ನೊಂದರದ್ದು ಆರಂಭವಾಗುತ್ತದೆ, ಮತ್ತು ಪ್ರತಿಯೊಂದು ಭಾಗವೂ ಬೇರೆ ತುಂಡಾಗಿ ಓದಲ್ಪಡುತ್ತದೆ. `Divide Ratio` ಎಂಬಲ್ಲಿ ಕಂಬಗಳ ಅಗಲದ ಪ್ರಮಾಣ ಕೊಡುತ್ತೇವೆ. `Use common prompt` ಗುರುತು ಹಾಕಿದರೆ ಮೊದಲ ಭಾಗವು ಎಲ್ಲ ಪ್ರದೇಶಗಳಿಗೂ ಸೇರುತ್ತದೆ.

ನಾಲ್ವರಿದ್ದಾರೆ, ಆದ್ದರಿಂದ ನಾಲ್ಕು ಕಂಬ ಎಂದು ಎಲ್ಲರಿಗೂ ಮೊದಲು ಅನ್ನಿಸುವುದು ಸಹಜ. ನಮ್ಮ ಚಿತ್ರಕ್ಕೆ ಅದು ಹೊಂದುವುದಿಲ್ಲ. ಚಿತ್ರದ ಅಳತೆ 1216×832 ಎಂದಿಟ್ಟುಕೊಂಡರೆ ನಾಲ್ಕು ಸಮಕಂಬಗಳಲ್ಲಿ ಒಂದೊಂದಕ್ಕೆ 304 ಪಿಕ್ಸೆಲ್ ಅಗಲ ಸಿಗುತ್ತದೆ. ನಿಂತ ಅಜ್ಜನಿಗೆ ಅಷ್ಟು ಸಾಕು. ಕುಳಿತ ಅಜ್ಜಿಯ ಸೀರೆ ಮೊಣಕಾಲಿನ ಮೇಲಿಂದ ಇಳಿದು ನೆಲದ ಮೇಲೆ ಹರಡುವಾಗ ಅಷ್ಟರಲ್ಲಿ ಹಿಡಿಯುವುದಿಲ್ಲ. ಗೆರೆ ದಾಟಿದ ಕಡೆಯಿಂದ ಅದು ಮೊಮ್ಮಗನ ಪ್ರಾಂಪ್ಟಿಗೆ ಸೇರಿ ಡೆನಿಮ್ ಆಗುತ್ತದೆ. ಅತ್ತ ಮೊಮ್ಮಗನ ಕೈ ಅಜ್ಜಿಯ ಕಂಬದೊಳಗೆ ಬಂದೊಡನೆ ಅದಕ್ಕೆ ಹಸಿರು ತೋಳು ಮೂಡುತ್ತದೆ.

ಆದ್ದರಿಂದ ನಾನು ಪಾಲಿಸುವ ನಿಯಮ ಇದು: ಒಬ್ಬರಿಗೆ ಒಂದು ಪ್ರದೇಶ ಎಂದು ಹಂಚಬಾರದು, ಪರಸ್ಪರ ತಾಕುವವರೆಲ್ಲರಿಗೂ ಸೇರಿ ಒಂದು ಪ್ರದೇಶ ಎಂದು ಹಂಚಬೇಕು. ಇಲ್ಲಿ ಕಂಬಗಳು ಮೂರೇ. ಅಗಲದ ಪ್ರಮಾಣ `1,2,1`. ಅಜ್ಜನಿಗೆ 304, ಅಜ್ಜಿ ಮತ್ತು ಮೊಮ್ಮಗ ಇಬ್ಬರಿಗೂ ಸೇರಿ 608, ಮೊಮ್ಮಗಳಿಗೆ 304. ನಡುವಿನ ಕಂಬದಲ್ಲಿ ಇಬ್ಬರ ಉಡುಪು ಬೆರೆಯುವ ಅಪಾಯ ಇದ್ದೇ ಇದೆ. ಅದನ್ನು ಅಲ್ಲಿಯೇ ಜಯಿಸಲು ಹೋಗದೆ, ಒಬ್ಬರಿಗೆ ಮಾತ್ರ ಬಣ್ಣ ಕೊಟ್ಟು ಇನ್ನೊಬ್ಬರಿಗೆ ಬೂದು ಬಣ್ಣದ ಸಾದಾ ಬಟ್ಟೆ ಕೊಟ್ಟರೆ ಸೋರಿದರೂ ಕೆಡುವುದು ಕಡಿಮೆ. ಮೊಮ್ಮಗನ ಜೀನ್ಸ್ ಆಮೇಲೆ ಮಾಸ್ಕಿನಿಂದ ಬರುತ್ತದೆ.

```
four people, family portrait, full body, plain grey wall, soft light BREAK
old man standing, white cotton shirt, white dhoti, white turban BREAK
old woman sitting on wooden chair, dark green saree, young man standing behind her, plain grey shirt, plain grey trousers BREAK
young woman standing, black kurta with mirror-work embroidery, white leggings
```

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಜನರ ಸಂಖ್ಯೆ, ಹಿನ್ನೆಲೆ, ಬೆಳಕು ಮಾತ್ರ ಸಾಮಾನ್ಯ ಭಾಗದಲ್ಲಿವೆ. ಅಲ್ಲಿ ಬಟ್ಟೆಯ ಅಥವಾ ಎದ್ದುಕಾಣುವ ಬಣ್ಣದ ಒಂದು ಪದ ಬಂದರೂ ಅದು ನಾಲ್ವರಿಗೂ ಹಂಚಿಹೋಗುತ್ತದೆ. ಹಬ್ಬದ ವಾತಾವರಣ ಬರಲಿ ಎಂದು ಅಲ್ಲಿ ಹಬ್ಬವನ್ನು ಸೂಚಿಸುವ ಪದ ಸೇರಿಸಿದರೂ ಸಾಕು, ಅಜ್ಜನ ಬಿಳಿ ಅಂಗಿಗೆ ಜರಿ ಬರಲು ಅದು ಕಾರಣವಾಗಬಹುದು. ಎರಡನೆಯದಾಗಿ, ಇಳಕಲ್ ಎಂಬ ಹೆಸರನ್ನು ನಾನು ಬರೆದಿಲ್ಲ. ಮಾದರಿಗೆ ಸೀರೆ ಗೊತ್ತು. ಆ ಊರಿನ ಸೀರೆಯನ್ನು ಬೇರೆ ಊರಿನದರಿಂದ ಬೇರ್ಪಡಿಸುವ ಟೋಪು ತೆನೆಯ ಸೆರಗು ಹೆಸರು ಬರೆದ ಮಾತ್ರಕ್ಕೆ ಬರುವುದಿಲ್ಲ. ಒಡಲಿನ ಬಣ್ಣ, ಅಂಚಿನ ಅಗಲ, ಸೆರಗಿನ ಕೆಂಪು ಮತ್ತು ಬಿಳಿ ಹಲ್ಲಿನಂಥ ವಿನ್ಯಾಸ ಎಂದು ಬಿಡಿಸಿ ವಿವರಿಸುವುದೇ ಫಲಕೊಡುತ್ತದೆ, ಮತ್ತು ಆ ವಿವರಣೆಯ ಜಾಗ ಮುಂದಿನ ಹಂತದಲ್ಲಿದೆ.

ಕಂಬಗಳು ಸರಿಯಾಗಿದ್ದರೂ ಜನ ತಮ್ಮ ತಮ್ಮ ಕಂಬದಲ್ಲಿಯೇ ನಿಲ್ಲುತ್ತಾರೆ ಎಂಬ ಖಾತರಿಯಿಲ್ಲ. ಗೆರೆಯ ಮೇಲೆ ನಿಂತವರ ಅರ್ಧ ಮೈಗೆ ಒಂದು ಉಡುಪು, ಉಳಿದರ್ಧಕ್ಕೆ ಇನ್ನೊಂದು ಉಡುಪು ಬರುತ್ತದೆ. ಮೈಯ ನಿಲುವನ್ನು ನಿಗದಿಪಡಿಸುವ ಕಂಟ್ರೋಲ್‌ನೆಟ್‌ನ ಓಪನ್‌ಪೋಸ್ ಮೂಲಕ ನಾಲ್ಕು ಅಸ್ಥಿಚಿತ್ರಗಳನ್ನು ಮೊದಲೇ ಇಟ್ಟು, ಅವುಗಳ ನಡುವಿನ ಖಾಲಿ ಜಾಗದಲ್ಲಿ ಗೆರೆ ಬೀಳುವಂತೆ ಪ್ರಮಾಣ ಕೊಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಇಲ್ಲಿ ಲೈನ್‌ಆರ್ಟ್ ಅಥವಾ ಕ್ಯಾನಿ ಬಳಸಬಾರದು. ಅವು ಮೂಲಚಿತ್ರದ ಬಟ್ಟೆಯ ಅಂಚುಗಳನ್ನೂ ಹಿಡಿದಿಟ್ಟು, ಪ್ಯಾಂಟಿನ ಗೆರೆಗಳ ಮೇಲೆ ಸೀರೆ ಬರೆಯುವಂತೆ ಮಾಡುತ್ತವೆ.

ಈ ಎಕ್ಸ್‌ಟೆನ್ಷನ್ನಿನಲ್ಲಿ `Attention` ಮತ್ತು `Latent` ಎಂಬ ಎರಡು ವಿಧಾನಗಳಿವೆ. ಮೊದಲನೆಯದು ಬೇಗ ಮುಗಿಯುತ್ತದೆ, ಬೆಳಕು ಹೊಂದಿಕೊಳ್ಳುತ್ತದೆ. ಎರಡನೆಯದು ಪ್ರತಿಯೊಂದು ಪ್ರದೇಶಕ್ಕೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಜೋಡಿಸುವುದರಿಂದ ಪ್ರದೇಶ ಹೆಚ್ಚಿದಂತೆ ಸಮಯವೂ ಹೆಚ್ಚುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಲೋರಾ, ಅಂದರೆ ಒಂದು ಮುಖ ಅಥವಾ ಶೈಲಿ ಕಲಿಸಿದ ಸಣ್ಣ ಪೂರಕ ಫೈಲ್, ಹಚ್ಚಬೇಕಿದ್ದರೆ ಎರಡನೆಯದು ಬೇಕು. ಬರಿಯ ಉಡುಪಿನ ವ್ಯತ್ಯಾಸಕ್ಕೆ ಮೊದಲನೆಯದೇ ಸಾಕು.

ಬಿಡಿಸಿದ ಮಾಸ್ಕ್‌ಗಳು, ಒಂದೇ ಸಲದ ಚಿತ್ರ

ಕಂಫಿಯುಐ ಎಂಬ ಇನ್ನೊಂದು ತಂತ್ರಾಂಶದಲ್ಲಿ ಪ್ರತಿಯೊಬ್ಬರ ಪ್ರಾಂಪ್ಟಿಗೂ `ConditioningSetMask` ಮೂಲಕ ಒಂದು ಮಾಸ್ಕ್ ಕಟ್ಟಿ, ಎಲ್ಲವನ್ನೂ `ConditioningCombine` ಮೂಲಕ ಸೇರಿಸಬಹುದು. `Regional Prompter`ನಲ್ಲಿಯೂ ಮಾಸ್ಕ್ ಬಿಡಿಸುವ ಸೌಲಭ್ಯವಿದೆ. ಸಾಲು ಓರೆಯಾಗಿದ್ದಾಗ, ಒಬ್ಬರು ಮುಂದೆ ಕುಳಿತು ಇನ್ನೊಬ್ಬರು ಹಿಂದೆ ನಿಂತಾಗ, ಕಂಬಕ್ಕಿಂತ ಇದು ಖಂಡಿತ ಮೇಲು.

ಆದರೆ ಇದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಪಠ್ಯವನ್ನು ಚಿತ್ರಕ್ಕೆ ಬೆಸೆಯುವ ಪದರಗಳು ಪೂರ್ಣ ಅಳತೆಯ ಚಿತ್ರದ ಮೇಲೆ ಕೆಲಸ ಮಾಡುವುದಿಲ್ಲ. ಎಕ್ಸ್‌ಎಲ್ ಮಾದರಿಯಲ್ಲಿ ಅಂಥ ಪದರದ ಒಂದು ಚೌಕವು ಚಿತ್ರದ 16 ಅಥವಾ 32 ಪಿಕ್ಸೆಲ್ ಅಗಲಕ್ಕೆ ಸಮ, ಮತ್ತು ಹೆಚ್ಚಿನ ಪದರಗಳು 32ರ ಕಡೆಯವು. ಆದ್ದರಿಂದ ಬೆರಳಿನ ಸಂದಿನಲ್ಲಿ ಸೂಕ್ಷ್ಮವಾಗಿ ಬಿಡಿಸಿದ ಮಾಸ್ಕ್ ಈ ವಿಧಾನದಲ್ಲಿ ವ್ಯರ್ಥ ಶ್ರಮ. ಅಜ್ಜಿಯ ಹೆಗಲ ಮೇಲಿರುವ ಮೊಮ್ಮಗನ ಬೆರಳುಗಳು ಎಷ್ಟೇ ಜಾಗರೂಕತೆಯಿಂದ ಬಿಡಿಸಿದರೂ ಸೀರೆಯ ಚೌಕದೊಳಗೇ ಬೀಳುತ್ತವೆ. ಮಾಸ್ಕ್‌ಗಳ ನಡುವೆ 30-40 ಪಿಕ್ಸೆಲ್ ಖಾಲಿ ಬಿಟ್ಟು, ಆ ಪಟ್ಟಿಯನ್ನು ಸಾಮಾನ್ಯ ಪ್ರಾಂಪ್ಟಿಗೆ ಒಪ್ಪಿಸುವುದು ಒಳ್ಳೆಯದು. ಅಷ್ಟು ಖಾಲಿ ಬಿಡಲು ಆಗದಷ್ಟು ಜನ ಹತ್ತಿರವಿದ್ದರೆ, ಈ ದಾರಿ ಬಿಟ್ಟು ಮೂರನೆಯದಕ್ಕೆ ಬರಬೇಕು.

ಮೊದಲ ಎರಡು ದಾರಿಗಳಲ್ಲಿ ಸೋರಿಕೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಒಂದು ಸರಳ ಪರೀಕ್ಷೆಯಿದೆ. ಚಿತ್ರದ ಆರಂಭವನ್ನು ನಿರ್ಧರಿಸುವ ಸೀಡ್ ಸಂಖ್ಯೆಯನ್ನು ಬದಲಿಸದೆ, ಒಬ್ಬರ ಉಡುಪನ್ನು ಮಾತ್ರ ಚಿತ್ರದಲ್ಲಿ ಬೇರೆಲ್ಲಿಯೂ ಇಲ್ಲದ ಕಡು ಹಳದಿ ಎಂದು ಬರೆದು ಚಿತ್ರ ತೆಗೆಯಬೇಕು. ಹಳದಿ ಬಣ್ಣವು ಗೆರೆಯ ಅಂಚಿನಲ್ಲಿ ಮಾತ್ರ ಸೋರಿ ಕಂಡರೆ ಪ್ರದೇಶದ ಗಡಿ ತಪ್ಪಿದೆ ಎಂದರ್ಥ. ಪ್ರಮಾಣ ಅಥವಾ ಮಾಸ್ಕ್ ತಿದ್ದಬೇಕು. ದೂರದ ಮೊಮ್ಮಗಳ ಕುರ್ತಾದಲ್ಲಿಯೂ ಕಂಡರೆ, ಒಂದೋ ಸಾಮಾನ್ಯ ಭಾಗದಲ್ಲಿ ಪದವೊಂದು ನುಸುಳಿದೆ, ಇಲ್ಲವೇ ಸೆಲ್ಫ್ ಅಟೆನ್ಷನ್ ಮೂಲಕ ಸೋರುತ್ತಿದೆ. ಸಾಮಾನ್ಯ ಭಾಗ ಶುದ್ಧವಾಗಿದ್ದೂ ಹೀಗಾದರೆ ಪ್ರಾಂಪ್ಟಿನ ತೂಕ ಹೆಚ್ಚಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

ಒಬ್ಬೊಬ್ಬರಿಗೆ ಪ್ರತ್ಯೇಕ ಮಾಸ್ಕ್, ಪ್ರತ್ಯೇಕ ಸುತ್ತು

ಇನ್‌ಪೇಂಟ್ ಮಾಡುವಾಗ ಮಾಸ್ಕಿನ ಹೊರಗಿನ ಭಾಗವನ್ನು ಮಾದರಿ ಮರುಬರೆಯುವುದಿಲ್ಲ. ಆದ್ದರಿಂದ ಒಬ್ಬರ ಉಡುಪು ಕೂಡಿಬಂದ ಮೇಲೆ ಅದನ್ನು ಇನ್ನೊಬ್ಬರ ಪ್ರಾಂಪ್ಟ್ ಕೆಡಿಸಲಾರದು. ಇದರ ಬೆಲೆಯೆಂದರೆ ಸಮಯ, ಮತ್ತು ಬೆಳಕು ಹೊಂದುವಂತೆ ನೋಡಿಕೊಳ್ಳುವ ಹೊಣೆ ನಮ್ಮದಾಗುವುದು.

ಮಾಸ್ಕ್ ಎಲ್ಲಿಯವರೆಗೆ ಇರಬೇಕು ಎಂಬಲ್ಲಿ ಹೆಚ್ಚಿನ ಕೆಲಸಗಳು ಕೆಡುತ್ತವೆ. ಸೆಗ್ಮೆಂಟ್ ಎನಿಥಿಂಗ್‌ನಂಥ ಸಲಕರಣೆಯಲ್ಲಿ ಒಂದು ಕ್ಲಿಕ್ಕಿಗೆ ಈಗಿರುವ ಬಟ್ಟೆಯ ನಿಖರ ಆಕಾರ ಸಿಗುತ್ತದೆ, ಮತ್ತು ಅಷ್ಟು ನಿಖರವಾದುದನ್ನು ಹಾಗೆಯೇ ಬಳಸುವ ಮನಸ್ಸಾಗುತ್ತದೆ. ಆದರೆ ಮಾಸ್ಕ್ ಇರಬೇಕಾದುದು ಹಳೆಯ ಬಟ್ಟೆ ಇರುವಲ್ಲಿ ಮಾತ್ರವಲ್ಲ, ಹೊಸ ಬಟ್ಟೆ ಬೀಳಲಿರುವ ಕಡೆಯೆಲ್ಲ ಇರಬೇಕು. ಸಲ್ವಾರಿನ ಅಂಚಿಗೆ ಸರಿಯಾಗಿ ಕತ್ತರಿಸಿದ ಮಾಸ್ಕಿನಲ್ಲಿ ಸೀರೆ ಕೇಳಿದರೆ, ನೆರಿಗೆಗೆ ಹರಡಲು ಜಾಗವಿಲ್ಲದೆ ಎರಡು ಕಾಲಿಗೂ ಬೇರೆ ಬೇರೆ ಸುತ್ತಿದ ಹಸಿರು ಬಟ್ಟೆ ಸಿಗುತ್ತದೆ. ಸೀರೆಗೆ ಕಾಲುಗಳ ನಡುವಿನ ಜಾಗ, ಎರಡೂ ಬದಿಯ ಸ್ವಲ್ಪ ಗಾಳಿ, ಪಾದದ ಸುತ್ತಲಿನ ನೆಲ ಮಾಸ್ಕಿನೊಳಗೆ ಬರಬೇಕು. ಬಟ್ಟೆ ಅದೇ ಆಕಾರದ್ದಾಗಿ, ಬಣ್ಣವಷ್ಟೇ ಬದಲಾಗಬೇಕಿದ್ದರೆ ಮಾತ್ರ ನಿಖರ ಮಾಸ್ಕ್ ಸರಿ.

ನಮ್ಮ ಚಿತ್ರದ ನಡುವಿನ ಇಬ್ಬರನ್ನು ತೆಗೆದುಕೊಳ್ಳೋಣ. ಹಿಂದಿರುವವರಿಂದ ಆರಂಭಿಸಿ ಮುಂದಿರುವವರ ಕಡೆಗೆ ಬರಬೇಕು. ಮೊದಲು ಮೊಮ್ಮಗ. ಕುತ್ತಿಗೆಯಿಂದ ಪಾದದವರೆಗೆ ಅವನ ಮಾಸ್ಕ್, ಹೆಗಲ ಮೇಲಿನ ಕೈ ಮಾತ್ರ ಹೊರಗೆ. ಅಜ್ಜಿಯ ಸೀರೆಯ ಅಂಚಿನತ್ತ ಮಾಸ್ಕ್ ಸ್ವಲ್ಪ ಒಳಗೆ ಬಂದರೂ ಚಿಂತೆಯಿಲ್ಲ, ಏಕೆಂದರೆ ಅಲ್ಲಿ ಕೆಟ್ಟದ್ದನ್ನು ಮುಂದಿನ ಸುತ್ತಿನ ಸೀರೆ ಮುಚ್ಚುತ್ತದೆ. ಕ್ರಮ ತಿರುಗಿಸಿದರೆ, ಕೂಡಿಬಂದ ಸೀರೆಯ ಅಂಚನ್ನು ಆಮೇಲಿನ ಜೀನ್ಸ್ ತಿಂದುಹಾಕುತ್ತದೆ.

`Inpaint area` ಎಂಬಲ್ಲಿ `Only masked` ಆರಿಸಿದರೆ, ಮಾಸ್ಕಿನ ಸುತ್ತಲಿನ ತುಂಡನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಬರೆದು, ಮರಳಿ ಅಂಟಿಸಲಾಗುತ್ತದೆ. ಹೊಲಿಗೆಯ ಕಿತ್ತಳೆ ದಾರ, ರಿವೆಟ್ ಮುಂತಾದ ಸಣ್ಣ ವಿವರಗಳು ಇದರಿಂದ ಚೆನ್ನಾಗಿ ಬರುತ್ತವೆ. ಆದರೆ ಆಗ ಮಾದರಿಗೆ ಕಾಣುವುದು ಆ ತುಂಡು ಮಾತ್ರ. ಹಳೆಯ ಪ್ರಾಂಪ್ಟ್ ಹಾಗೆಯೇ ಉಳಿದು, ಅದರಲ್ಲಿ ನಾಲ್ಕು ಜನ ಎಂದಿದ್ದರೆ, ಮೊಮ್ಮಗನ ಅಂಗಿಯ ಮೇಲೆ ಪುಟ್ಟ ಮುಖಗಳು ಮೂಡುವುದನ್ನು ನೋಡಬೇಕಾಗುತ್ತದೆ. ಪ್ರಾಂಪ್ಟನ್ನು ಪೂರ್ತಿ ಅಳಿಸಿ, ಆ ಒಬ್ಬನ ಬಗ್ಗೆ ಮಾತ್ರ ಬರೆಯಬೇಕು: ಯುವಕ, ಬಿಳಿ ಅಂಗಿ, ಕಡು ನೀಲಿ ಡೆನಿಮ್, ಬೂದು ಗೋಡೆ, ಮೃದು ಬೆಳಕು. `Only masked padding` ಮೊದಲೇ 32 ಇರುತ್ತದೆ. ಅದನ್ನು 64ರಷ್ಟಕ್ಕೆ ಏರಿಸಿದರೆ ಸುತ್ತಲಿನ ಬೆಳಕು ಮಾದರಿಗೆ ಕಂಡು, ಹೊಸ ಬಟ್ಟೆ ಅಂಟಿಸಿದಂತೆ ಕಾಣುವುದು ಕಡಿಮೆಯಾಗುತ್ತದೆ. ಬೂದು ಪ್ಯಾಂಟು ಜೀನ್ಸ್ ಆಗಲು ಆಕಾರ ಬದಲಾಗಬೇಕಿಲ್ಲವಾದ್ದರಿಂದ ಹಳೆಯದನ್ನು ಎಷ್ಟು ಬದಲಿಸಬೇಕು ಎಂದು ಹೇಳುವ `Denoising strength` 0.6ರಿಂದ 0.7ರ ಒಳಗೆ ಸಾಕು.

ಅಜ್ಜಿಯ ಸುತ್ತಿನಲ್ಲಿ ಸೀರೆಯ ಅಂಚು, ಸೆರಗು ಎಲ್ಲ ಹೊಸದಾಗಿ ಬರಬೇಕಿರುವುದರಿಂದ ಅದು 0.85ರ ಸುಮಾರಿಗೆ ಹೋಗಬೇಕು. ಆಗಲೂ ಹಳೆಯ ಬಟ್ಟೆಯ ಬೆಳಕು-ಕತ್ತಲೆಯ ಒಟ್ಟು ಛಾಯೆ ಸ್ವಲ್ಪ ಉಳಿಯುತ್ತದೆ. ಕಪ್ಪು ಬಟ್ಟೆಯನ್ನು ಬಿಳಿ ಮಾಡಲು ಹೋದವರಿಗೆ ಬೂದು ಸಿಗುವುದು ಈ ಕಾರಣದಿಂದ. ಅಂಥಲ್ಲಿ ಬ್ರಷ್‌ನಿಂದ ಬೇಕಾದ ಬಣ್ಣವನ್ನು ಒರಟಾಗಿ ಬಳಿದು, ಅದರ ಮೇಲೆ ಇನ್‌ಪೇಂಟ್ ಮಾಡುವುದು ಪ್ರಾಂಪ್ಟಿನಲ್ಲಿ ಬಣ್ಣದ ಪದಕ್ಕೆ ತೂಕ ಹಾಕುವುದಕ್ಕಿಂತ ಬೇಗ ಫಲಿಸುತ್ತದೆ. ಸೆರಗಿನ ಕೆಂಪನ್ನೂ ನಾನು ಹೀಗೆಯೇ ಮೊದಲು ಬಳಿಯುತ್ತೇನೆ. ಹಸಿರು ಒಡಲು ಮತ್ತು ಕೆಂಪು ಸೆರಗು ಎಂದು ಒಂದೇ ಪ್ರಾಂಪ್ಟಿನಲ್ಲಿ ಬರೆದರೆ ಒಬ್ಬರ ಉಡುಪಿನೊಳಗೇ ಸೋರಿಕೆ ಆಗುತ್ತದೆ. ಖಣದ ಕುಪ್ಪಸಕ್ಕೆ ಕೊನೆಯಲ್ಲಿ ತೋಳಿನ ಮೇಲೊಂದು ಸಣ್ಣ ಮಾಸ್ಕ್ ಬೇರೆ ಬೇಕು.

ಕಂಫಿಯುಐ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಪ್ರತಿ ಸುತ್ತಿನಲ್ಲಿಯೂ ಚಿತ್ರವು ತನ್ನನ್ನು ಕುಗ್ಗಿಸಿ ಮರಳಿ ಹಿಗ್ಗಿಸುವ ವಿಎಇ ಎಂಬ ಭಾಗದ ಮೂಲಕ ಹೋಗಿ ಬರುವಾಗ ಮಾಸ್ಕಿನ ಹೊರಗಿನ ಭಾಗವೂ ಚೂರುಚೂರೇ ಮಸುಕಾಗುತ್ತದೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಅಜ್ಜನ ರೆಪ್ಪೆ, ಮೀಸೆಯ ಕೂದಲು ಕಲೆಸಿದಂತಾಗಿರುತ್ತವೆ. `ImageCompositeMasked` ಬಳಸಿ, ಹೊಸದಾಗಿ ಬಂದ ಭಾಗವನ್ನಷ್ಟೇ ಮೂಲಚಿತ್ರದ ಮೇಲೆ ಕೂರಿಸಿದರೆ ಇದು ಆಗುವುದಿಲ್ಲ. AUTOMATIC1111 ಈ ಕೂರಿಸುವ ಕೆಲಸವನ್ನು ತಾನೇ ಮಾಡುತ್ತದೆ.

ಹಾಗಾದರೆ ಯಾವುದು

ಜನ ಬಿಡಿಯಾಗಿ ನಿಂತಿದ್ದು, ಉಡುಪುಗಳು ಸಾದಾ ಬಣ್ಣದವಾಗಿದ್ದು, ಹತ್ತಾರು ಚಿತ್ರ ತೆಗೆದು ಒಂದನ್ನು ಆರಿಸುವ ಅವಕಾಶವಿದ್ದರೆ ಕಂಬಗಳಿಗಿಂತ ಮುಂದೆ ಹೋಗಬೇಕಿಲ್ಲ. ನಿಲುವು ಓರೆಕೋರೆಯಾಗಿದ್ದರೂ ನಡುವೆ ಜಾಗವಿದ್ದರೆ ಬಿಡಿಸಿದ ಮಾಸ್ಕ್‌ಗಳು. ಮೈ ತಾಕಿದ್ದರೆ, ಅಥವಾ ಒಬ್ಬರ ಉಡುಪಿನಲ್ಲಿಯೇ ಎರಡು-ಮೂರು ಬಣ್ಣವಿದ್ದರೆ, ಅಥವಾ ಗ್ರಾಹಕರು ಮೂವರನ್ನು ಒಪ್ಪಿ ಒಬ್ಬರ ಬಟ್ಟೆ ಮಾತ್ರ ಬದಲಿಸಿ ಎನ್ನುವ ಸಂಭವವಿದ್ದರೆ, ಪ್ರತ್ಯೇಕ ಸುತ್ತುಗಳೇ ಸರಿ. ಪ್ರದೇಶವಾರು ವಿಧಾನದಲ್ಲಿ ಒಂದು ಪದ ಬದಲಿಸಿದರೂ ಸೀಡ್ ಅದೇ ಇದ್ದರೂ ಉಳಿದ ಮೂವರೂ ಸ್ವಲ್ಪ ಸ್ವಲ್ಪ ಬದಲಾಗಿಬಿಡುತ್ತಾರೆ. ಆ ಬದಲಾವಣೆಯನ್ನು ಗ್ರಾಹಕರು ಒಪ್ಪುವುದಿಲ್ಲ. ನಮ್ಮ ಪೋಸ್ಟರಿಗೆ ಅಜ್ಜ ಮತ್ತು ಮೊಮ್ಮಗಳನ್ನು ಕಂಬಗಳಿಗೆ ಬಿಟ್ಟು, ನಡುವಿನ ಇಬ್ಬರನ್ನು ಮಾಸ್ಕ್‌ಗಳಿಗೆ ಒಪ್ಪಿಸುವ ಮಿಶ್ರ ದಾರಿಯನ್ನೇ ನಾನು ಸೂಚಿಸುವೆ.

ಒಂದು ಎಚ್ಚರಿಕೆ ಅಂಗಡಿಯವರಿಗೆ. ಮೊಮ್ಮಗ ತೊಟ್ಟಿರುವುದು ನೀವೇ ಹೊಲಿದು ಮಾರುವ ಜೀನ್ಸ್ ಆಗಿದ್ದರೆ, ಪಠ್ಯದಿಂದ ಹುಟ್ಟಿದ ಡೆನಿಮ್ ನಿಮ್ಮ ಜೇಬಿನ ಹೊಲಿಗೆಯನ್ನು ತೋರಿಸುವುದಿಲ್ಲ. ಫೋಟೋವನ್ನೇ ಪ್ರಾಂಪ್ಟಿನಂತೆ ಓದುವ ಐಪಿ-ಅಡಾಪ್ಟರ್‌ಗೆ ನಿಮ್ಮ ಜೀನ್ಸಿನ ಫೋಟೋ ಕೊಟ್ಟು ಅದೇ ಮಾಸ್ಕ್ ಹಚ್ಚಿದರೆ ಬಣ್ಣ ಮತ್ತು ಒಟ್ಟು ರೂಪ ಹತ್ತಿರ ಬರುತ್ತವೆ, ಹೊಲಿಗೆ ಹೊಲಿಗೆಯಾಗಿ ಬರುವುದಿಲ್ಲ. ಸಂಡೂರಿನ ಕಸೂತಿಗೂ ಇದೇ ಮಾತು. ಕೈಯಿಂದ ಹಾಕಿದ ಟಾಂಕೆಗಳನ್ನು ಮಾರುವವರು ಆ ಭಾಗಕ್ಕೆ ನಿಜವಾದ ಬಟ್ಟೆಯ ಫೋಟೋವನ್ನೇ ಬಳಸಬೇಕು. ಕೊಳ್ಳುವವರು ಚಿತ್ರದಲ್ಲಿ ಕಂಡದ್ದನ್ನೇ ಅಂಗಡಿಯಲ್ಲಿ ಕೇಳುತ್ತಾರೆ.

ಎಲ್ಲ ಮುಗಿದು ಫ್ಲೆಕ್ಸ್ ಮುದ್ರಣಕ್ಕಾಗಿ ಚಿತ್ರವನ್ನು ದೊಡ್ಡದು ಮಾಡುವಾಗ ಸೋರಿಕೆ ಮತ್ತೆ ತಲೆಯೆತ್ತಬಹುದು. ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿ ಮರುಬರೆಯುವ ಅಪ್‌ಸ್ಕೇಲ್ ವಿಧಾನದಲ್ಲಿ ಪ್ರತಿ ಚೌಕಕ್ಕೂ ಪೂರ್ತಿ ಪ್ರಾಂಪ್ಟ್ ಹೋಗುತ್ತದೆ; ಅದರಲ್ಲಿ ಕಸೂತಿ, ಡೆನಿಮ್, ಸೀರೆ ಎಲ್ಲ ಇದ್ದರೆ ಧೋತರದ ಚೌಕವೊಂದರಲ್ಲಿ ಕನ್ನಡಿ ಬಿಲ್ಲೆ ಕಾಣಿಸಿಕೊಳ್ಳುತ್ತದೆ. ಆ ಹಂತದಲ್ಲಿ ಉಡುಪಿನ ಪದಗಳನ್ನೆಲ್ಲ ತೆಗೆದು, ಬೆಳಕು ಮತ್ತು ಗುಣಮಟ್ಟದ ಪದಗಳನ್ನಷ್ಟೇ ಉಳಿಸಿ, `Denoising strength` 0.2ರ ಆಸುಪಾಸಿನಲ್ಲಿ ಇಟ್ಟುಕೊಳ್ಳಬೇಕು. ನಾಲ್ವರ ಪೂರ್ಣಾಕೃತಿಯ ಈ ಚಿತ್ರದಲ್ಲಿ ಒಂದೊಂದು ಮುಖಕ್ಕೆ ಸಿಗುವುದು ಸುಮಾರು 100 ಪಿಕ್ಸೆಲ್ ಎತ್ತರ ಮಾತ್ರವಾದ್ದರಿಂದ, ಮುಖಗಳನ್ನು ತಿದ್ದುವ ಕೆಲಸವನ್ನು ಈ ದೊಡ್ಡದು ಮಾಡುವ ಹಂತಕ್ಕೆ ಬಿಡದೆ, ಅದಕ್ಕೆ ಮೊದಲೇ ಒಂದೊಂದಕ್ಕೆ ಪ್ರತ್ಯೇಕ ಮಾಸ್ಕ್ ಹಾಕಿ ಮುಗಿಸಬೇಕು.